ಅಪ್‌ಡೇಟ್: ಹಲ್ಲಿನ ಸಂದಿಗೆ ಕೊನೆಗೆ ಕ್ಲಿಪ್ಪನ್ನೇ ಹಾಕಿಸಿದೆ

ಆಗ ಕೇಳಿದ್ದು: "ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ 3 ಮಿ.ಮೀ. ಸಂದು ಇದೆ. ವೆನೀರ್, ಬಾಂಡಿಂಗ್, ಕ್ಲಿಪ್, ಯಾವುದು ಮಾಡಿಸಲಿ?"

ಕ್ಲಿಪ್ ಹಾಕಿಸಿದೆ. ಮೊನ್ನೆ ಬಿಚ್ಚಿದರು, ಸಂದು ಮುಚ್ಚಿದೆ.

ನನಗೆ ಬಾಂಡಿಂಗ್ ಮೇಲೇ, ಅಂದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಅಂಟಿಸಿ ಸಂದು ತುಂಬುವುದರ ಮೇಲೇ ಮನಸ್ಸಿತ್ತು. ಒಂದೇ ದಿನದ ಕೆಲಸ, ಹಲ್ಲನ್ನು ಹೆಚ್ಚು ಸವೆಸಬೇಕಾಗಿಲ್ಲ. ಆದರೆ ತುಮಕೂರಿನ ಡಾಕ್ಟರ್ ಮೊದಲು ಅಳತೆ ತೆಗೆದರು. ನನ್ನ ಹಲ್ಲು 8.5 ಮಿ.ಮೀ. ಅಗಲ, 10 ಉದ್ದ. ಸಂದು ತುಂಬಲು ಒಂದೊಂದಕ್ಕೂ 1.5 ಸೇರಿಸಬೇಕು. ಆಗ ಅಗಲವೂ 10, ಉದ್ದವೂ 10! ಅಂಟು ಹಾಕದೆ ಸುಮ್ನೆ ಕಾಂಪೋಸಿಟ್ ಇಟ್ಟು ಕನ್ನಡಿ ತೋರಿಸಿದರು. ಹಲ್ಲು ಚೌಕ ಬಿಲ್ಲೆಯ ಹಾಗೆ ಕಂಡಿತು. ಹಲ್ಲಿನ ಮುಂಭಾಗಕ್ಕೆ ತೆಳು ಪದರ ಅಂಟಿಸುವ ವೆನೀರ್‌ಗೂ ಇದೇ ತೊಂದರೆ, ಅಲ್ವಾ? ಜೊತೆಗೆ ಅದಕ್ಕಾಗಿ ಸವೆಸಿದ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಮತ್ತೆ ಬೆಳೆಯುವುದಿಲ್ಲ. ಸಂದು 1 ಮಿ.ಮೀ. ಇದ್ದು ಹಲ್ಲು ಚಿಕ್ಕದಿದ್ದರೆ ಬಾಂಡಿಂಗ್ ಸಾಕಿತ್ತು ಎಂದರು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಮೇಲ್ದುಟಿ ಹಿಡಿದು ಎಳೆದಾಗ ಹಲ್ಲುಗಳ ನಡುವಿನ ಒಸಡು ಬೆಳ್ಳಗಾಯಿತು. ತುಟಿಯನ್ನು ಒಸಡಿಗೆ ಕಟ್ಟಿಡುವ ಮಡಿಕೆ, ಅಂದರೆ ಫ್ರೀನಮ್, ತೀರಾ ಕೆಳಗಿಳಿದಿರುವ ಗುರುತು ಅದು. ಸಂದು ಉಳಿಯಲು ಅದೂ ಕಾರಣವಾಗಬಹುದು, ಹಾಗಾಗಿ ಕತ್ತರಿಸಬೇಕಿತ್ತು. ಆದರೆ ಮೊದಲೇ ಕತ್ತರಿಸಿದರೆ ಗಾಯದ ಗಟ್ಟಿ ಕಲೆ ಹಲ್ಲು ಸರಿಯಲು ಅಡ್ಡಿಯಾಗಬಹುದು. ಅದಕ್ಕೆ ಸಂದು ಮುಚ್ಚಿದ ಮೇಲೆಯೇ, ಮರಗಟ್ಟಿಸಿ ಅದನ್ನು ತೆಗೆದರು.

ಒಟ್ಟು 10 ತಿಂಗಳು ಹಿಡಿಯಿತು. ಈಗ ಹಲ್ಲುಗಳ ಹಿಂದೆ ತೆಳು ತಂತಿ ಅಂಟಿಸಿದ್ದಾರೆ. ಇದು ವರ್ಷಗಟ್ಟಲೆ ಇರಲೇಬೇಕು, ಏಕೆಂದರೆ ಈ ಜಾಗದ ಸಂದು ಮತ್ತೆ ಬಿಡುವುದು ಜಾಸ್ತಿ. ಒಂದು ಹಲ್ಲಿನಿಂದ ಅಂಟು ಬಿಟ್ಟರೂ ನೋವಾಗದೆ ಸಂದು ಶುರುವಾಗಬಹುದು. ಹಾಗಾಗಿ ದಿನವೂ ಹಲ್ಲುಜ್ಜಿದ ಮೇಲೆ ನಾಲಿಗೆಯಿಂದ ತಂತಿಯನ್ನು ಮುಟ್ಟಿ ನೋಡುತ್ತೇನೆ.