ಪದಚರ್ಚೆ: ಹೊರಡುವವರೇ ‘ಬೀಳ್ಕೊಡುಗೆ ಭಾಷಣ’ ಮಾಡಬಹುದೇ?

ವಸುಧಾ:
ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ನಾನು ಶಾಲೆಯಿಂದ ನಿವೃತ್ತಳಾಗುತ್ತಿದ್ದೇನೆ. ಆ ದಿನ ಆಡಬೇಕಾದ ನಾಲ್ಕು ಮಾತು ಬರೆದುಕೊಂಡಿದ್ದೇನೆ. ಆರಂಭ ಹೀಗಿದೆ:

“ಈ ಶಾಲೆಯಲ್ಲಿ ಸುದೀರ್ಘ ಸೇವೆ ಸಲ್ಲಿಸಿ, ಇಂದು ನಿಮ್ಮೆಲ್ಲರನ್ನೂ ಬೀಳ್ಕೊಡುತ್ತಿದ್ದೇನೆ. ಸಹೋದ್ಯೋಗಿಗಳಿಗೆ, ವಿದ್ಯಾರ್ಥಿಗಳಿಗೆ ಹಾಗೂ ಅವರ ಮನೆಯವರಿಗೆ ಅನಂತ ವಂದನೆಗಳನ್ನು ಅರ್ಪಿಸುತ್ತೇನೆ. ನಾನು ನಿಮಗೆ ಚಿರಋಣಿ.”

ಸ್ಟಾಫ್ ರೂಮಿನಲ್ಲಿ ಓದಿ ತೋರಿಸಿದೆ. ಕನ್ನಡ ಪಾಠ ಮಾಡುವ ಸಹೋದ್ಯೋಗಿಯೊಬ್ಬರು “ಮೇಡಂ, ಬೀಳ್ಕೊಡಬೇಕಾದವರು ನಾವು, ನೀವಲ್ಲ” ಅಂದರು. ಇನ್ನೊಬ್ಬರು “ಎಲ್ಲ ಪತ್ರಿಕೆಗಳಲ್ಲೂ ಹೀಗೇ ಬರೀತಾರೆ, ಬಿಡಿ” ಅಂದರು. ಯಾರ ಮಾತು ಸರಿ? ಉಳಿದ ಪದಗಳಲ್ಲೂ ಏನಾದರೂ ಕಿರಿಕಿರಿ ಇದ್ದರೆ ಹೇಳಿ. ಬೇಜಾರಿಲ್ಲ.

ನಾಗರಾಜ:
ನಿಮ್ಮ ಕನ್ನಡ ಮೇಷ್ಟ್ರು ಹೇಳಿದ್ದೇ ಸರಿ. ‘ಬೀಳ್ಕೊಡುಗೆ’ಯಲ್ಲೇ ‘ಕೊಡುಗೆ’ ಇದೆ ನೋಡಿ. ಹೊರಡುವವರಿಗೆ ಶಾಲು, ಹಾರ, ನೆನಪಿನ ಕಾಣಿಕೆ ಕೊಡ್ತೀವಲ್ಲ, ಆ ಕೊಡುಗೆಯೇ ಅದು. ‘ಬೀಳ್’ ಅಂದರೆ ಕಾಲಿಗೆ ಬೀಳುವುದು. ದೊಡ್ಡವರ ಕಾಲಿಗೆ ಬಿದ್ದು ಕಾಣಿಕೆ ಕೊಟ್ಟು ಕಳಿಸುವುದು ಬೀಳ್ಕೊಡುಗೆ. ಹಾಗಾಗಿ ಹೊರಡುವವರು ಈ ಪದವನ್ನು ಬಾಯಿಗೇ ತರಬಾರದು. ‘ಬೀಳ್ಕೊಡುಗೆ ಭಾಷಣ’ ಅನ್ನುವುದೂ ತಪ್ಪು.

ಮೋಹನ:
ವಸುಧಾ ಮೇಡಂ, ನಿವೃತ್ತಿಗೆ ಶುಭಾಶಯ. ಭಾಷಣ ಐದು ನಿಮಿಷ ದಾಟದಂತೆ ನೋಡಿಕೊಳ್ಳಿ. ಮೊದಲು ಮುಖ್ಯಶಿಕ್ಷಕರ ಹೆಸರು, ಆಮೇಲೆ ಆಡಳಿತ ಮಂಡಳಿ, ಆಮೇಲೆ ಸಹೋದ್ಯೋಗಿಗಳು. ಯಾರ ಹೆಸರೂ ಬಿಟ್ಟುಹೋಗದಂತೆ ಚೀಟಿ ಮಾಡಿಕೊಳ್ಳಿ. ನನ್ನ ಹತ್ತಿರ ಒಂದು ಸಿದ್ಧ ಭಾಷಣ ಇದೆ. ಬ್ಯಾಂಕಿನವರದ್ದು, ಆದರೆ ಸಂಸ್ಥೆಯ ಹೆಸರು ಬದಲಾಯಿಸಿದರೆ ಸಾಕು. ಬೇಕಾದರೆ ಕಳಿಸುತ್ತೇನೆ.

ವಸುಧಾ:
ಥ್ಯಾಂಕ್ಸ್ ಮೋಹನ್ ಸರ್. ಭಾಷಣ ಬೇಡ, ನನ್ನದೇ ಇರಲಿ. ಪದಗಳ ಬಗ್ಗೆ ಮಾತ್ರ ಅನುಮಾನ.

ಶ್ರೀಪತಿ:
ನಾಗರಾಜರ ತೀರ್ಮಾನ ಅರ್ಧ ಸರಿ. ಕಾರಣ ಮಾತ್ರ ಬೇರೆ.

ಇಲ್ಲಿ ‘ಕೊಡು’ ಅಂದರೆ ಶಾಲು, ಹಾರ ಕೊಡುವುದಲ್ಲ. ಹೋಗಲು ಅಪ್ಪಣೆ ಕೊಡುವುದು. ಇದಕ್ಕೆ ಜೋಡಿಯಾಗಿ ಇನ್ನೊಂದು ಕ್ರಿಯಾಪದ ಇದೆ, ‘ಬೀಳ್ಕೊಳ್ಳು’. ಅಪ್ಪಣೆ ಕೊಡುವವರು ಬೀಳ್ಕೊಡುತ್ತಾರೆ, ಅಪ್ಪಣೆ ತೆಗೆದುಕೊಳ್ಳುವವರು ಬೀಳ್ಕೊಳ್ಳುತ್ತಾರೆ. ಉಳಿಯುವವರದ್ದು ಕೊಡುವ ಕೆಲಸ, ಹೊರಡುವವರದ್ದು ಕೊಳ್ಳುವ ಕೆಲಸ. ‘ಕೊಳು-ಕೊಡುಗೆ’ ಅಂತೀವಲ್ಲ, ಅದೇ ಜೋಡಿ.

ಹಳಗನ್ನಡದಲ್ಲಿ ಈ ವ್ಯತ್ಯಾಸ ಕೆಡುವುದೇ ಇಲ್ಲ. ಅರಸನು ದೂತನನ್ನು ಬೀಳ್ಕೊಡುತ್ತಾನೆ, ದೂತನು ಅರಸನನ್ನು ಬೀಳ್ಕೊಂಡು ಹೊರಡುತ್ತಾನೆ. ಎರಡರಲ್ಲೂ ‘ಅನ್ನು’ ಪ್ರತ್ಯಯವೇ ಬರುವುದನ್ನು ಗಮನಿಸಿ. ಇವತ್ತಿನ ಗೊಂದಲಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ. ‘ನಿಮ್ಮನ್ನು ಬೀಳ್ಕೊ…’ ವರೆಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಆಮೇಲೆ ಕಿವಿಗೆ ಜಾಸ್ತಿ ಪರಿಚಯ ಇರುವ ‘ಕೊಡು’ ಬಂದು ಕೂತುಬಿಡುತ್ತದೆ.

ವಸುಧಾ ಅವರ ವಾಕ್ಯಕ್ಕೆ ಬರೋಣ. “ನಿಮ್ಮೆಲ್ಲರನ್ನೂ ಬೀಳ್ಕೊಡುತ್ತಿದ್ದೇನೆ” ಅಂದರೆ ನೀವು ಶಾಲೆಯಲ್ಲೇ ಉಳಿದು, ಉಳಿದವರನ್ನೆಲ್ಲ ಮನೆಗೆ ಕಳಿಸುತ್ತಿದ್ದೀರಿ ಅಂತ ಅರ್ಥ! “ನಿಮ್ಮೆಲ್ಲರನ್ನೂ ಬೀಳ್ಕೊಳ್ಳುತ್ತಿದ್ದೇನೆ” ಆಗಬೇಕು. ಸಂಶಯ ಬಂದಾಗ ಆ ಜಾಗದಲ್ಲಿ ‘ಕಳಿಸಿಕೊಡು’ ಹಾಕಿ ನೋಡಿ. ಅರ್ಥ ಕೂಡಿದರೆ ಬೀಳ್ಕೊಡು, ಕೂಡದಿದ್ದರೆ ಬೀಳ್ಕೊಳ್ಳು. ಹತ್ತನೇ ತರಗತಿ ಮುಗಿಸಿ ಹೋಗುವ ಮಕ್ಕಳನ್ನು ಮಾತ್ರ ನೀವು ಧಾರಾಳವಾಗಿ ಬೀಳ್ಕೊಡಬಹುದು. ಅಲ್ಲಿ ಉಳಿಯುವವರು ನೀವೇ ಆಗಿದ್ದಿರಲ್ಲ.

‘ಬೀಳ್ಕೊಡುಗೆ ಭಾಷಣ’ ತಪ್ಪು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬೀಳ್ಕೊಡುಗೆ ಅನ್ನುವುದು ಸಮಾರಂಭದ ಹೆಸರು. ಆ ಸಮಾರಂಭದಲ್ಲಿ ಯಾರು ಮಾತಾಡಿದರೂ ಅದು ಬೀಳ್ಕೊಡುಗೆ ಭಾಷಣವೇ. ಕ್ರಿಯಾಪದ ಬಂದಾಗ ಮಾತ್ರ ಯಾರು ಯಾರನ್ನು ಅನ್ನುವ ಪ್ರಶ್ನೆ ಏಳುತ್ತದೆ.

ನಾಗರಾಜ:
ಜೋಡಿಯ ಮಾತು ಒಪ್ಪಿದೆ ರಾಯರೇ. ಆದರೆ ‘ಬೀಳ್’ ಅಂದರೆ ಬೀಳುವುದೇ ತಾನೇ? ಹೊರಡುವಾಗ ಕಾಲಿಗೆ ಬೀಳುವುದು ಸಹಜ.

ಶ್ರೀಪತಿ:
ಹಳಗನ್ನಡದ ಬರವಣಿಗೆಯಲ್ಲಿ ಎರಡಕ್ಕೂ ‘ೞ’ ಅಕ್ಷರವೇ ಇದೆ, ಹಾಗಾಗಿ ನಿಮ್ಮ ಊಹೆಯನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ದನಿ ಒಂದೇ ಆದ ಮಾತ್ರಕ್ಕೆ ಬೇರು ಒಂದೇ ಆಗಬೇಕಿಲ್ಲ. ನಿಮ್ಮ ವಿವರಣೆಯಲ್ಲಿ ಒಂದು ತೊಡಕೂ ಇದೆ. ಹೊರಡುವವನು ಬೀಳುವುದು ಸರಿ, ಕಳಿಸುವವನು ‘ಬೀಳನ್ನು ಕೊಡುವುದು’ ಹೇಗೆ?

ಜಯಂತಿ:
ಬೀಳ್ಕೊಳ್ಳು ಸರಿ ಇರಬಹುದು, ಆದರೆ ಮೈಕಿನಲ್ಲಿ ಹೇಳಿ ನೋಡಿ. “ನಿಮ್ಮನ್ನು ಬೀಳ್ಕೊಂಡು ಹೊರಟಿದ್ದೇನೆ” ಅಂತ ಸ್ವಲ್ಪ ಬೇಗ ಹೇಳಿದರೆ ಹಿಂದಿನ ಬೆಂಚಿನವರಿಗೆ “ಬಿದ್ಕೊಂಡು” ಅಂತಲೇ ಕೇಳಿಸುತ್ತದೆ. ನಾನೂ ಶಿಕ್ಷಕಿಯೇ. ಮಕ್ಕಳ ಕಿವಿ ಎಂಥದ್ದು ಅಂತ ಗೊತ್ತು.

ನಮ್ಮಲ್ಲಿ ಒಬ್ಬರು ಹಿರಿಯರು ನಿವೃತ್ತರಾದಾಗ ಭಾವುಕರಾಗಿ “ಇವರೆಲ್ಲ ನನ್ನ ಮಕ್ಕಳು” ಅನ್ನಲು ಹೋದರು. ಗಂಟಲು ಕಟ್ಟಿತ್ತು, ಗಡಿಬಿಡಿಯಲ್ಲಿ “ಇವರೆಲ್ಲ ನನ್ಮಕ್ಳು” ಅಂತ ಬಂತು. ಸಭೆ ಬಿದ್ದು ಬಿದ್ದು ನಕ್ಕಿತು. ಪಾಪ, ಅವರಿಗೆ ಯಾಕೆ ಅಂತ ಅರ್ಥವಾಗಲು ಅರೆ ನಿಮಿಷ ಬೇಕಾಯಿತು. ಆ ಎರಡು ಪದಗಳ ನಡುವೆ ಉಸಿರು ತೆಗೆದುಕೊಳ್ಳಿ ಮೇಡಂ. ಇಲ್ಲವಾದರೆ ಸುಮ್ನೆ “ಮಕ್ಕಳೇ” ಅನ್ನಿ.

ಇನ್ನು ‘ಅವರ ಮನೆಯವರಿಗೆ’. ಇದು ಯಾರ ಮನೆಯವರು? ಸಹೋದ್ಯೋಗಿಗಳ ಮನೆಯವರು ಅಂದರೆ ಗಂಡನೋ ಹೆಂಡತಿಯೋ. “ನಮ್ಮ ಮನೆಯವರು ಊರಲ್ಲಿಲ್ಲ” ಅಂದರೆ ಅದೇ ಅರ್ಥ ತಾನೇ? ವಿದ್ಯಾರ್ಥಿಗಳ ಮನೆಯವರು ಅಂದರೆ ತಂದೆತಾಯಿ. ನಿಮ್ಮ ವಾಕ್ಯದಲ್ಲಿ ಎರಡೂ ಕಲಸಿಹೋಗಿವೆ.

ವಸುಧಾ:
ನಾನು ಹೇಳಹೊರಟಿದ್ದು ಮಕ್ಕಳ ತಂದೆತಾಯಿಗಳ ಬಗ್ಗೆ. ‘ಹೆತ್ತವರು’ ಅನ್ನಲೇ? ಆದರೆ ಅಜ್ಜಿಯ ಹತ್ತಿರ ಬೆಳೆದ ಮಕ್ಕಳೂ ನನ್ನ ತರಗತಿಯಲ್ಲಿದ್ದರು. ಪ್ರಗತಿ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬನ್ನಿ ಅಂದರೆ ಅಜ್ಜಿಯ ಹೆಬ್ಬೆಟ್ಟಿನ ಗುರುತು ಬರುತ್ತಿತ್ತು. ಆ ಅಜ್ಜಿಯನ್ನು ಬಿಡಲು ಮನಸ್ಸಿಲ್ಲ.

ಶ್ರೀಪತಿ:
ಹಾಗಾದರೆ ‘ಪೋಷಕರು’ ಅನ್ನಿ. ಸಾಕಿದವರೆಲ್ಲ ಅದರಲ್ಲಿ ಬರುತ್ತಾರೆ. ಕೆಲವು ಕಡೆ ‘ಪಾಲಕರು’ ಅಂತಾರೆ, ಅದೂ ಅದೇ. ‘ಹೆತ್ತವರು’ ಮನಮುಟ್ಟುವ ಪದ, ಆದರೆ ಅಜ್ಜಿಯನ್ನು ಹೊರಗೆ ನಿಲ್ಲಿಸುತ್ತದೆ. ಪೋಷಕರು ಸ್ವಲ್ಪ ಸುತ್ತೋಲೆಯ ಭಾಷೆ ಅನಿಸಿದರೆ “ಮಕ್ಕಳನ್ನು ಬೆಳಗ್ಗೆ ನನ್ನ ಕೈಗೆ ಒಪ್ಪಿಸಿ ಹೋದವರು” ಅಂತ ಬಿಡಿಸಿ ಹೇಳಬಹುದು. ಭಾಷಣಕ್ಕೆ ಅದೇ ಚೆನ್ನ.

ಜಯಂತಿಯವರ ‘ಬಿದ್ಕೊಂಡು’ ಆಕ್ಷೇಪ ನಿಜ. ಬರೆಯುವುದಕ್ಕೆ ಬೀಳ್ಕೊಳ್ಳು, ಮಾತಿಗೆ “ಹೋಗಿ ಬರುತ್ತೇನೆ”. ಅಪ್ಪಣೆ ಕೇಳುವ ಭಾವ ಅದರಲ್ಲೂ ಇದೆ.

‘ವಂದನೆಗಳನ್ನು ಅರ್ಪಿಸುತ್ತೇನೆ’ ಬಗ್ಗೆಯೂ ಒಂದು ಮಾತು. ವಂದನೆ ಅಂದರೆ ನಮಸ್ಕಾರ, ಅರ್ಪಿಸುವುದು ಕೆಳಗಿನಿಂದ ಮೇಲಕ್ಕೆ. ಸಹೋದ್ಯೋಗಿಗಳಿಗೆ ಸರಿ. ನೀವೇ ಅಕ್ಷರ ತಿದ್ದಿಸಿದ ಮಕ್ಕಳಿಗೆ ವಂದನೆ ಅರ್ಪಿಸಿದರೆ ಅವರು ಎದ್ದು ನಿಲ್ಲಬೇಕೋ ಕೂರಬೇಕೋ ಗೊತ್ತಾಗದೆ ಒದ್ದಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ವಂದನಾರ್ಪಣೆ ಅನ್ನುವುದು ಕಾರ್ಯಕ್ರಮ ಪಟ್ಟಿಯ ಕೊನೆಯ ಬಾಬತ್ತು. ಅದನ್ನು ಮಾಡುವವರು ಸಂಘಟಕರು. ನಿಮ್ಮ ಬಾಯಲ್ಲಿ ಆ ಮಾತು ಬಂದ ಕೂಡಲೇ ಜನ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ!

‘ಕೃತಜ್ಞ’ ಎಲ್ಲರಿಗೂ ಒಗ್ಗುತ್ತದೆ. ದೊಡ್ಡವರಿಗೂ ಹೇಳಬಹುದು, ಚಿಕ್ಕವರಿಗೂ ಹೇಳಬಹುದು. ಮಾಡಿದ್ದನ್ನು ತಿಳಿದವರು ಅಂತ ಅದರ ಅರ್ಥ. ಹಾಗಾಗಿ ಅವರು ಏನು ಮಾಡಿದರು ಅನ್ನುವುದು ಜೊತೆಗೇ ಬರಬೇಕು. “ನನಗೆ ಹುಷಾರಿಲ್ಲದ ದಿನ ಕೇಳದೆಯೇ ನನ್ನ ಪೀರಿಯಡ್ ತೆಗೆದುಕೊಂಡಿರಿ, ಕೃತಜ್ಞಳಾಗಿದ್ದೇನೆ” ಅಂದರೆ ಪದಕ್ಕೆ ಕೆಲಸ ಸಿಗುತ್ತದೆ. ‘ಅನಂತ’ ಬೇಕಾಗುವುದೇ ಇಲ್ಲ.

ಮೋಹನ:
ಸಂಸ್ಕೃತದ ಕೃತಜ್ಞ ಯಾಕೆ? ‘ನನ್ನಿ’ ಅನ್ನಿ. ಅಚ್ಚಗನ್ನಡ.

ನಾಗರಾಜ:
ಹಳಗನ್ನಡದಲ್ಲಿ ನನ್ನಿ ಅಂದರೆ ಸತ್ಯ. ಥ್ಯಾಂಕ್ಸ್ ಅನ್ನುವ ಅರ್ಥದಲ್ಲಿ ಈಚೆಗೆ ಕೆಲವರು ಬಳಸುತ್ತಿದ್ದಾರೆ, ಸರಿ. ಆದರೆ ಸಭೆಯಲ್ಲಿ ಅರ್ಧ ಜನಕ್ಕೆ ಅರ್ಥವಾಗದ ಪದದಿಂದ ಕೃತಜ್ಞತೆ ಹೇಳಿದರೆ ಅದು ತಲುಪುವುದು ಹೇಗೆ?

ಮೋಹನ:
ಬಳಸಿದರೆ ತಾನೇ ತಲುಪುವುದು?

ಶ್ರೀಪತಿ:
ಅದು ಬೇರೆಯೇ ಚರ್ಚೆ, ಮೋಹನ್. ಅದನ್ನು ಬೇರೆಯಾಗಿ ಶುರು ಮಾಡಿ.

ವಸುಧಾ ಅವರ ಇನ್ನೆರಡು ಪದ ಬಾಕಿ ಇವೆ. ‘ಸುದೀರ್ಘ ಸೇವೆ ಸಲ್ಲಿಸಿ’ ಅನ್ನುವುದು ನಿಮ್ಮ ಬಗ್ಗೆ ಬೇರೆಯವರು ಹೇಳುವ ಮಾತು. ಆಮಂತ್ರಣ ಪತ್ರಿಕೆಯಲ್ಲಿ ಚೆನ್ನಾಗಿರುತ್ತದೆ. ನಿಮ್ಮ ಬಾಯಲ್ಲಿ “ಇಷ್ಟು ವರ್ಷ ಇಲ್ಲಿ ಪಾಠ ಮಾಡಿದೆ” ಸಾಕು. ‘ಚಿರಋಣಿ’ಗೆ ಸಂಧಿ ಮಾಡಲು ಹೋದರೆ ಮಹರ್ಷಿಯ ಹಾಗೆ ‘ಚಿರರ್ಣಿ’ ಆಗಬೇಕು. ಹಾಗೆ ಬರೆದವರನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಚಿರಋಣಿಯೇ ಇರಲಿ.

ಜಯಂತಿ:
ಸೇವೆಯ ಬಗ್ಗೆ ನನ್ನದು ಭಿನ್ನಮತ. ನಮ್ಮ ಸೇವಾ ಪುಸ್ತಕದಲ್ಲೇ ಸೇವೆ ಅಂತ ಇದೆ. ಇಷ್ಟು ವರ್ಷ ದುಡಿದವಳು ಒಂದು ದಿನ ತನ್ನ ಬಾಯಿಂದ ಆ ಮಾತು ಹೇಳಿದರೆ ಏನು ಹೋಯಿತು? ಹೆಣ್ಣುಮಕ್ಕಳು ತಮ್ಮ ಕೆಲಸವನ್ನು ಚಿಕ್ಕದು ಮಾಡಿ ಹೇಳುವುದು ಈಗಾಗಲೇ ಜಾಸ್ತಿ ಇದೆ.

ಶ್ರೀಪತಿ:
ಅದಕ್ಕೆ ನನ್ನ ಹತ್ತಿರ ವ್ಯಾಕರಣದ ಉತ್ತರ ಇಲ್ಲ. ‘ಸುದೀರ್ಘ’ವನ್ನಾದರೂ ಬಿಟ್ಟುಬಿಡಿ ಅನ್ನುತ್ತೇನೆ.

ವಸುಧಾ:
ತಿದ್ದಿದ್ದೇನೆ, ನೋಡಿ:

“ಇಷ್ಟು ವರ್ಷ ಈ ಶಾಲೆಯಲ್ಲಿ ಸೇವೆ ಮಾಡಿದೆ. ಇವತ್ತು ನಿಮ್ಮಿಂದ ಅಪ್ಪಣೆ ಪಡೆದು ಹೊರಟಿದ್ದೇನೆ. ನನಗೆ ಹುಷಾರಿಲ್ಲದಾಗ ಕೇಳದೆಯೇ ನನ್ನ ಪೀರಿಯಡ್ ತೆಗೆದುಕೊಂಡ ಗೆಳೆಯರಿಗೆ ಕೃತಜ್ಞಳಾಗಿದ್ದೇನೆ. ಮಕ್ಕಳೇ, ಹಾಜರಿ ಕರೆಯುವಾಗ ನಾನು ಹೆಸರು ತಪ್ಪಾಗಿ ಓದಿದರೆ ನಗದೆ ತಿದ್ದಿದಿರಿ, ಅದನ್ನು ಮರೆಯಲ್ಲ. ನಿಮ್ಮನ್ನು ನನ್ನ ಕೈಗೆ ಒಪ್ಪಿಸಿದ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆ ನಾನು ಚಿರಋಣಿ. ಹೋಗಿ ಬರುತ್ತೇನೆ.”

‘ಸೇವೆ’ ಉಳಿಸಿಕೊಂಡೆ, ಜಯಂತಿ ಮೇಡಂ ಮಾತು ಹಿಡಿಸಿತು. ಈ ಭಾಷಣವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಹಾಕುತ್ತಾರಂತೆ. ಅದಕ್ಕೆ ತಲೆಬರಹ ಏನು ಕೊಡಲಿ?

ಶ್ರೀಪತಿ:
‘ವಿದಾಯ ಭಾಷಣ’ ಅಂದರೆ ತಂಟೆ ಇಲ್ಲ. ವಿದಾಯವನ್ನು ಹೊರಡುವವರೂ ಹೇಳಬಹುದು, ಉಳಿಯುವವರೂ ಹೇಳಬಹುದು.

ನಾಗರಾಜ:
ವಿದಾಯ ಹಿಂದಿಯ ಕಡೆಯಿಂದ ಬಂದದ್ದು. ಅದರ ಮೂಲ ಅರಬ್ಬಿ ಅನ್ನುವವರೂ ಇದ್ದಾರೆ. ಕೊಡುವವರದ್ದು ಬೀಳ್ಕೊಡುಗೆಯಾದರೆ ಕೊಳ್ಳುವವರದ್ದು ‘ಬೀಳ್ಕೊಳುಗೆ’ ಯಾಕಾಗಬಾರದು?

ಜಯಂತಿ:
ಅಚ್ಚಿನಲ್ಲಿ ಅದನ್ನು ನೋಡಿದವರು ಅಚ್ಚುದೋಷ ಅಂದುಕೊಂಡು ‘ಬೀಳ್ಕೊಡುಗೆ’ ಅಂತಲೇ ತಿದ್ದುತ್ತಾರೆ, ನೋಡ್ತಿರಿ.