ಪದಚರ್ಚೆ: ಪರ್ಸೆಂಟೈಲ್‌ಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ಶಶಿಕಲಾ, ಗುಬ್ಬಿ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಮಕ್ಕಳ ಎತ್ತರ, ತೂಕ ನೋಡುವ ಜಾಗದಲ್ಲಿ ಒಂದು ಫ್ಲೆಕ್ಸ್ ಹಾಕಬೇಕು. ನಾಳೆ ಸಂಜೆಯೊಳಗೆ ತುಮಕೂರಿನ ಪ್ರೆಸ್ಸಿಗೆ ಕೊಡಬೇಕು. ದಾನಿಗಳು ಕಳಿಸಿದ ಇಂಗ್ಲಿಷ್ ಹಾಳೆ ಇಟ್ಟುಕೊಂಡು ಕನ್ನಡ ಮಾಡುತ್ತಿದ್ದೇನೆ. ಎರಡು ಕಡೆ ಕೈ ನಿಂತಿದೆ. ಒಂದು, ಪರ್ಸೆಂಟೈಲ್. ಸುಮ್ನೆ 'ಶೇಕಡಾ' ಅಂತ ಬರೆದುಬಿಡಲಾ? ಇನ್ನೊಂದು, ಕೆಳಗಿರುವ ಪಟ್ಟಿ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ, 18.5ಕ್ಕಿಂತ ಕಡಿಮೆ ಇದ್ದರೆ ಅಂಡರ್‌ವೇಟ್, 25 ದಾಟಿದರೆ ಓವರ್‌ವೇಟ್ ಅಂತಿದೆ. 'ಕೃಶ', 'ಸ್ಥೂಲ' ಹಾಕಿದರೆ ನಡೆಯುತ್ತಾ? ಓದುವವರು ಒಂದರಿಂದ ಏಳನೇ ಕ್ಲಾಸಿನ ಮಕ್ಕಳ ಅಪ್ಪ-ಅಮ್ಮಂದಿರು.

ನಂಜುಂಡಯ್ಯ, ಮಧುಗಿರಿ

'ಶೇಕಡಾ' ಮರಾಠಿಯಿಂದ ಬಂದದ್ದು. ನಮ್ಮಲ್ಲಿ 'ನೂರಕ್ಕೆ' ಇರುವಾಗ ಅದು ಯಾಕೆ ಬೇಕು? 'ಕೃಶ', 'ಸ್ಥೂಲ' ಎರಡೂ ಸಂಸ್ಕೃತ. 'ಬಡಕಲು', 'ದಪ್ಪ' ಎನ್ನಿ. ಪರ್ಸೆಂಟೈಲ್‌ಗೆ ನಾನು ಹಿಂದೆಯೇ ಸೂಚಿಸಿದ್ದ 'ನೂರೆಡೆ' ಇದೆ. ನೂರು, ಎಡೆ. ನೂರರಲ್ಲಿ ಯಾವ ಜಾಗ ಎಂಬ ಅರ್ಥ ತಾನಾಗಿ ಬರುತ್ತದೆ.

ಕಿರಣ್, ಚಿಂತಾಮಣಿ

ಸರ್, ನಮ್ಮ ಕಡೆ ಎಡೆ ಅಂದರೆ ಹಬ್ಬದಲ್ಲಿ ಹಿರಿಯರಿಗೆ ಇಡುವ ಎಡೆ. ತೂಕದ ಬೋರ್ಡಿನಲ್ಲಿ 'ನೂರೆಡೆ' ಅಂತ ನೋಡಿದರೆ ಮಗು ನೂರು ಎಡೆ ಊಟ ಮಾಡಿದೆ ಅಂದುಕೊಳ್ಳುತ್ತಾರೆ. ಪರ್ಸೆಂಟೈಲ್ ಅಂತಲೇ ಬಿಡಿ. ಜೆಇಇ ಬಂದಮೇಲೆ ಹಳ್ಳಿಯ ಮನೆಗಳಲ್ಲೂ ಆ ಮಾತು ಗೊತ್ತು. 99 ಪರ್ಸೆಂಟೈಲ್ ಅಂದರೆ ನೂರರಲ್ಲಿ 99 ಜನರಿಗಿಂತ ಮುಂದೆ. ಇಲ್ಲೂ ಲೆಕ್ಕ ಅದೇ ಅಲ್ವಾ?

ವೆಂಕಟರಮಣಪ್ಪ, ಮುಳಬಾಗಿಲು

ನನ್ನದೂ ಇದೇ ಸಂಕಟ. 9 ವರ್ಷದ ಮೊಮ್ಮಗಳ ಶಾಲೆಯ ಕಾರ್ಡಿನಲ್ಲಿ ಬಿಎಂಐ 10ನೇ ಪರ್ಸೆಂಟೈಲ್ ಅಂತ ಬರೆದಿದ್ದಾರೆ. ನೂರಕ್ಕೆ ಹತ್ತೇ ಬಂದಿದೆ ಅಂತ ಸೊಸೆ ಬೆಳಗ್ಗೆ ಎರಡು ಮೊಟ್ಟೆ, ರಾತ್ರಿ ಎರಡು ಮೊಟ್ಟೆ ತುರುಕುತ್ತಿದ್ದಾಳೆ. ನಮ್ಮ ಗಡಿಯ ಕಡೆ ಶೇಕಡಾಕ್ಕೆ ತೆಲುಗಿನಲ್ಲಿ 'ಶಾತಂ' ಅಂತಾರೆ. ಯಾವ ಪದ ಹಾಕಿದರೂ ಸರಿ. ಮಗು ಪಾಸಾ, ಫೇಲಾ ಅನ್ನುವುದನ್ನು ಯಾರಾದರೂ ಹೇಳಿ.

ಸುಮಿತ್ರಾ, ಕೋಲಾರ

ನಾನು ಮಕ್ಕಳ ಓಪಿಡಿಯಲ್ಲಿ ಡಯಟಿಷಿಯನ್. ಶಶಿಕಲಾ ಮೇಡಂ, ಪದ ಆಮೇಲೆ ನೋಡೋಣ. ಮೊದಲು ಆ ಕೆಳಗಿನ ಪಟ್ಟಿ ತೆಗೆಯಿರಿ. 18.5, 25 ಎರಡೂ ದೊಡ್ಡವರ ಅಳತೆ.

ಎರಡನೇ ಕ್ಲಾಸಿನ ಒಬ್ಬ ಹುಡುಗಿ ತಗೊಳ್ಳಿ. 7 ವರ್ಷ, 22 ಕೆಜಿ, 120 ಸೆಂಟಿಮೀಟರ್. 22 ಕೆಜಿಯನ್ನು 1.2 ಮೀಟರಿನಿಂದ ಎರಡು ಸಲ ಭಾಗಿಸಿದರೆ ಬಿಎಂಐ 15.3 ಬರುತ್ತದೆ. ನಿಮ್ಮ ಪಟ್ಟಿಯ ಪ್ರಕಾರ ಈ ಮಗು ತೀರಾ ಬಡಕಲು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ 7 ವರ್ಷದ ಹುಡುಗಿಯರ ನಡುಗೆರೆ ಇರುವುದೇ 15.4ರ ಹತ್ತಿರ. ಅಂದರೆ ಈಕೆ ಸರಿಯಾಗಿ ಮಧ್ಯದಲ್ಲಿದ್ದಾಳೆ. ಅದೇ ಬೆಂಚಿನ ಹುಡುಗ 31 ಕೆಜಿ, 122 ಸೆಂಟಿಮೀಟರ್ ಅಂದುಕೊಳ್ಳಿ. ಬಿಎಂಐ 20.8. ಪಟ್ಟಿ 'ನಾರ್ಮಲ್' ಎನ್ನುತ್ತದೆ. ಆ ವಯಸ್ಸಿನ ಹುಡುಗರಿಗೆ ಬೊಜ್ಜಿನ ಗೆರೆ ಸುಮಾರು 19ಕ್ಕೇ ಬಂದುಬಿಡುತ್ತದೆ. ಹೀಗೆ ಚೆನ್ನಾಗಿರುವ ಮಗುವಿಗೆ ಮೊಟ್ಟೆ ತುರುಕುತ್ತೀರಿ, ನೋಡಬೇಕಾದ ಮಗುವನ್ನು ಬಿಟ್ಟುಬಿಡುತ್ತೀರಿ.

ಮಕ್ಕಳ ಬಿಎಂಐ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ವರ್ಷದ ಗುಂಡು ಮಗು ಐದಾರು ವರ್ಷಕ್ಕೆ ಸಣ್ಣಗಾಗುತ್ತದೆ. ಅಲ್ಲಿಂದ ಮತ್ತೆ ಏರುತ್ತದೆ. ಅದಕ್ಕೇ ಅದೇ ವಯಸ್ಸಿನ, ಹುಡುಗಿಯಾದರೆ ಹುಡುಗಿಯರ ಜೊತೆ, ಹುಡುಗನಾದರೆ ಹುಡುಗರ ಜೊತೆ ಹೋಲಿಸುವುದು.

ಕಿರಣ್, ನಿಮ್ಮ ಲೆಕ್ಕ ಸರಿ, ಅದರಿಂದ ಬರುವ ಭಾವನೆ ಸರಿಯಿಲ್ಲ. ಜೆಇಇಯಲ್ಲಿ 99 ಬಂದರೆ ಸಿಹಿ ಹಂಚುತ್ತೀರಿ. ಇಲ್ಲಿ 99 ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಬರಬೇಕು. ಮೇಲಿದ್ದಷ್ಟೂ ಒಳ್ಳೆಯದು ಅನ್ನಿಸುವ ಯಾವ ಪದವೂ ಈ ಬೋರ್ಡಿಗೆ ಬೇಡ. 'ಶೇಕಡಾ' ಅಂತೂ ಬೇಡವೇ ಬೇಡ. 35ಕ್ಕೆ ಪಾಸು ಅಂತ ಕಲಿತವರು ನಾವು.

ವೆಂಕಟರಮಣಪ್ಪನವರೇ, 10 ಅಂದರೆ ಅದೇ ವಯಸ್ಸಿನ ನೂರು ಹುಡುಗಿಯರನ್ನು ಬಿಎಂಐ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸುಮಾರು ಹತ್ತು ಜನ ಇವಳಿಗಿಂತ ಹಿಂದೆ ಇದ್ದಾರೆ, ಅಷ್ಟೇ. ಬಡಕಲು ಅಂತ ನಾವು ನೋಡುವುದು ಚಾರ್ಟಿನಲ್ಲಿ 3ನೇ ಪರ್ಸೆಂಟೈಲ್ ಗೆರೆಗಿಂತ ಕೆಳಗೆ. ಹಳೆಯ ಕಾರ್ಡುಗಳಿದ್ದರೆ ತೆಗೆದು ನೋಡಿ. ಮೊದಲಿನಿಂದ 10ರ ಆಸುಪಾಸಿನಲ್ಲೇ ಬಂದಿದ್ದರೆ ಅದು ಅವಳ ದಾರಿ. 50ರಲ್ಲಿದ್ದವಳು ಹತ್ತಕ್ಕೆ ಇಳಿದಿದ್ದರೆ ಮೊಟ್ಟೆ ಸಾಲದು, ತೋರಿಸಬೇಕು.

ನಂಜುಂಡಯ್ಯ

ಮೇಡಂ, ನಿಮ್ಮ ಪತ್ರದಲ್ಲಿ ಚಾರ್ಟ್, ನಾರ್ಮಲ್, ಓಪಿಡಿ. ಕೊನೆಗೆ ಕನ್ನಡ ಉಳಿದದ್ದು ವಿಭಕ್ತಿಯಲ್ಲಿ ಮಾತ್ರ. ಪದ ಕಟ್ಟಲು ಹೊರಟರೆ ಎಡೆ, ಊಟ ಅಂತ ನಗುವುದು. 'ನೆಲೆ' ಕೂಡ ನಗು ತರಿಸುತ್ತದೆಯೇ? ನೂರ್ನೆಲೆ.

ಕಿರಣ್

ಅದನ್ನು ಮೂರು ಸಲ ಜೋರಾಗಿ ಹೇಳಿ ನೋಡಿ ಸರ್.

ಸುಮಿತ್ರಾ ಮೇಡಂ, ಒಂದು ಅನುಮಾನ. ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಚಾರ್ಟಿನಲ್ಲಿ ಒಂದು ಗೆರೆಯ ಮೇಲೆ 23, ಇನ್ನೊಂದರ ಮೇಲೆ 27 ಅಂತ ಇದೆ. ಹಾಗಾದರೆ ಮಕ್ಕಳಿಗೂ ಬಿಎಂಐ 23 ದಾಟಿದರೆ ಓವರ್‌ವೇಟ್ ಅಂತಲೇ ಆಯ್ತಲ್ಲ?

ಸುಮಿತ್ರಾ

ಇಲ್ಲ. ಆದರೆ ಹಾಗೆ ಓದುವವರು ಬಹಳ ಜನ. ಆ ಗೆರೆ 18ನೇ ವರ್ಷದ ಅಂಚಿಗೆ ಬಂದಾಗ 23ಕ್ಕೆ ಮುಟ್ಟುತ್ತದೆ, ಅದಕ್ಕೆ ಆ ಹೆಸರು. 7 ವರ್ಷದ ಹತ್ತಿರ ಅದೇ ಗೆರೆ ಎಷ್ಟೋ ಕೆಳಗಿರುತ್ತದೆ. ನಮ್ಮ ಜನರಿಗೆ ಕಡಿಮೆ ಬಿಎಂಐಗೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ. ಅದಕ್ಕೇ 25 ಬಿಟ್ಟು 23 ಹಿಡಿದಿದ್ದಾರೆ. ಗೆರೆಯ ಹೆಸರು ಬೇರೆ, ಮಗುವಿನ ಬಿಎಂಐ ಬೇರೆ. ಮಗುವಿನ ಚುಕ್ಕಿ ಆ ಗೆರೆಯ ಮೇಲಿದೆಯಾ, ಕೆಳಗಿದೆಯಾ ಅಂತ ನೋಡಬೇಕು.

ಶಶಿಕಲಾ

ಪಟ್ಟಿ ತೆಗೆದೆ. ಆ 2015ರ ಚಾರ್ಟನ್ನೇ ಹಾಕುತ್ತೇನೆ. ಆದರೆ ನಮ್ಮಲ್ಲಿ ವಯಸ್ಸೇ ಗಟ್ಟಿ ಇಲ್ಲ. ಅರ್ಧ ಕ್ಲಾಸಿನ ಮಕ್ಕಳು ದಾಖಲೆಯಲ್ಲಿ ಜೂನ್ 1ಕ್ಕೇ ಹುಟ್ಟಿದ್ದಾರೆ! ಚುಕ್ಕಿ ಎಲ್ಲಿಡೋದು?

ಸುಮಿತ್ರಾ

ತಾಯಿ ಕಾರ್ಡು ಕೇಳಿ, ಅದರಲ್ಲಿ ನಿಜವಾದ ತಾರೀಖು ಇರುತ್ತದೆ. ಸಿಗದಿದ್ದರೂ ಏಳೆಂಟು ವರ್ಷದವರಿಗೆ ಜಾಸ್ತಿ ಏರುಪೇರಾಗುವುದಿಲ್ಲ, ಅಲ್ಲಿ ಗೆರೆ ನಿಧಾನವಾಗಿ ಏರುತ್ತದೆ. 12, 13ರಲ್ಲಿ ಒಂದು ವರ್ಷ ಆಚೀಚೆಯಾದರೆ ಹುಡುಗಿಯರ ನಡುಗೆರೆ 18.0ರಿಂದ 18.8ಕ್ಕೆ ಹೋಗಿಬಿಡುತ್ತದೆ.

ನನಗೆ ಅದಕ್ಕಿಂತ ಹೆದರಿಕೆ ಎತ್ತರದ್ದು. ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿದ ತಲೆಯ ಮೇಲೇ ಸ್ಕೇಲ್ ಇಡುತ್ತಾರೆ. ಆಗಿನ ಹುಡುಗಿಯನ್ನೇ ನೋಡಿ. 120ರ ಬದಲು 122 ಅಂತ ಬರೆದರೆ 15.3 ಇದ್ದದ್ದು 14.8 ಆಗುತ್ತದೆ. ಏಳು, ಎಂಟರ ನಡುವೆ ಒಂದು ವರ್ಷ ತಪ್ಪು ಬರೆದರೂ ಇಷ್ಟು ಜಾರುವುದಿಲ್ಲ. ಶೂ ಬಿಚ್ಚಿಸಿ, ಜಡೆ ಸರಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ.

ಪದದ ಮಾತಿಗೆ ಬಂದರೆ, ನನ್ನ ಓಟು 'ಗೆರೆ'ಗೆ. ಅಂಗನವಾಡಿಯಲ್ಲಿ ತೂಕದ ಚಾರ್ಟಿನ ಬಣ್ಣದ ಪಟ್ಟೆ ನೋಡಿ ಬಂದ ತಾಯಂದಿರಿಗೆ ಚಾರ್ಟಿನ ಗೆರೆ ಹೊಸದಲ್ಲ. '25ನೇ ಗೆರೆ' ಅಂದರೆ ಯಾರೂ ಮಾರ್ಕ್ಸ್ ಅಂದುಕೊಳ್ಳುವುದಿಲ್ಲ.

ನಂಜುಂಡಯ್ಯ

ಗೆರೆ ಅಚ್ಚಕನ್ನಡ, ಒಪ್ಪುತ್ತೇನೆ. ಆದರೆ ಅದು ಪರ್ಸೆಂಟೈಲ್ ಅಲ್ಲ. ಚಾರ್ಟ್ ಇಲ್ಲದ ಕಡೆ ಏನು ಮಾಡುತ್ತೀರಿ? ಸಂಖ್ಯಾಶಾಸ್ತ್ರದ ಪಾಠಕ್ಕೂ ಗೆರೆ ಎನ್ನುತ್ತೀರಾ? ಇದು ತೇಪೆ ಕೆಲಸ.

ಶಶಿಕಲಾ

ಪಾಠ ಬರೆಯುವವರು ಬೇರೆ ಪದ ಹುಡುಕಲಿ ಸರ್, ನನ್ನದು ಗೋಡೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಮಗುವಿನ ವಯಸ್ಸಿನ ನೇರಕ್ಕೆ ಬಿಎಂಐ ಚುಕ್ಕಿ ಇಡಿ. 3 ಎಂದು ಬರೆದ ಗೆರೆಗಿಂತ ಕೆಳಗಿದ್ದರೆ ಅಥವಾ 23 ಎಂದು ಬರೆದ ಗೆರೆ ದಾಟಿದ್ದರೆ ಡಾಕ್ಟರಿಗೆ ತೋರಿಸಿ. 23 ಎಂಬುದು ಗೆರೆಯ ಹೆಸರು, ಮಗುವಿನ ಅಳತೆಯಲ್ಲ.' ಒಂದೇ ಫ್ಲೆಕ್ಸಿಗೆ ದುಡ್ಡಿದೆ. ಹುಡುಗರ ಚಾರ್ಟ್ ಒಂದನ್ನೇ ಹಾಕಿದರೆ ನಡೆಯಲ್ವಾ?

ಸುಮಿತ್ರಾ

ನಡೆಯಲ್ಲ. ಒಂದೇ ಫ್ಲೆಕ್ಸಿನಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿಸಿ. ಜಾಗ ಸಾಲದಿದ್ದರೆ ದಾನಿಗಳ ಫೋಟೋ ಸಣ್ಣದು ಮಾಡಿ.