ನಿಂಬೆರಸಕ್ಕೆ ನೊರೆ ಬಂದರೆ ಹವಳ ಅಸಲಿಯೇ?

ಭಾನುವಾರ ಬೆಳಿಗ್ಗೆ ಶೋಭಾ ವೈನಿ ನಮ್ಮ ಮನೆತನದ ಗುಂಪಿಗೆ ಒಂದು ಹವಳದ ಸರದ ಫೋಟೊ ಹಾಕಿದರು. ಕೆಳಗೆ ಎಲ್ಲಿಂದಲೋ ಹರಿದು ಬಂದ ಸಂದೇಶ: ‘ಅಸಲಿ ಹವಳಕ್ಕೆ ನಿಂಬೆರಸ ಹಾಕಿದರೆ ನೊರೆ ಬರುತ್ತದೆ, ಹಾಲಿನಲ್ಲಿಟ್ಟರೆ ಹಾಲು ಕೆಂಪಾಗುತ್ತದೆ. ಎಲ್ಲರಿಗೂ ಕಳಿಸಿ.’ ಸಂಜೆಯವರೆಗೆ ಯಾರ ಮೊಬೈಲೂ ಸುಮ್ಮನಿರಲಿಲ್ಲ. ‘ಶುಭೋದಯ’ಗಳನ್ನೂ ಹೂವಿನ ಚಿತ್ರಗಳನ್ನೂ ತೆಗೆದು ಉಳಿದದ್ದನ್ನು ಇಲ್ಲಿಟ್ಟಿದ್ದೇನೆ.

ಶೋಭಾ ವೈನಿ: ಪಲ್ಲವಿಯ ಮದುವೆಗೆಂದು ಹುಬ್ಬಳ್ಳಿಯ ಪ್ರದರ್ಶನದಲ್ಲಿ ತೆಗೆದುಕೊಂಡೆ. ಒಂಬತ್ತು ಸಾವಿರ. ಒಂದು ಮಣಿಗೆ ನಿಂಬೆರಸ ಹಾಕಿ ನೋಡಿದೆ, ಸಣ್ಣ ಗುಳ್ಳೆಗಳು ಎದ್ದವು. ಅಸಲಿಯೇ!

ಗಿರಿಜಾ ಅತ್ತೆ: ಬಣ್ಣ ಎಷ್ಟು ಚೆನ್ನಾಗಿದೆ! ತಾಳಿಗೂ ಎರಡು ಮಣಿ ಇದರಿಂದಲೇ ತೆಗೆದಿಡು.

ಗುರುಪಾದ ಕಾಕಾ: ಶೋಭಾ, ರಸ ಹಾಕಿದ ಮಣಿಯನ್ನು ಬೆಳಕಿಗೆ ಹಿಡಿದು ನೋಡು. ಹೊಳಪು ಉಳಿದಿದೆಯೇ?

ಶೋಭಾ ವೈನಿ: ಅಯ್ಯೋ, ಆ ಜಾಗ ಮಂಕಾಗಿದೆ. ಸುಣ್ಣ ಬಳಿದಂತೆ ಕಾಣುತ್ತಿದೆ.

ಗುರುಪಾದ ಕಾಕಾ: ಅದೇ. ಹವಳವೆಂದರೆ ಸುಣ್ಣದ ಜಾತಿ. ಹುಳಿ ತಾಗಿದರೆ ಮೈ ಕರಗುತ್ತದೆ, ಆ ಗುಳ್ಳೆ ಅದರದ್ದೇ. ಪರೀಕ್ಷೆಯ ಹೆಸರಿನಲ್ಲಿ ಮಣಿಯನ್ನು ಸುಡಬೇಡ. ಹಾಲಿನ ಮಾತಂತೂ ಬರೀ ಸುಳ್ಳು. ಹಾಲು ಕೆಂಪಾಯಿತೆಂದರೆ ಬಣ್ಣ ಬಿಟ್ಟಿತು ಎಂದೇ ಅರ್ಥ.

ಮಹೇಶ ಅಣ್ಣ: ಆದರೆ ಕಾಕಾ, ಗುಳ್ಳೆ ಬಂದ ಮೇಲೆ ಗಾಜಲ್ಲ, ಪ್ಲಾಸ್ಟಿಕ್ ಅಲ್ಲ ಎಂದಾಯಿತಲ್ಲ?

ಗುರುಪಾದ ಕಾಕಾ: ಅಷ್ಟು ಮಾತ್ರ ಆಯಿತು. ಶಂಖದ ಚೂರಿಗೂ ಗುಳ್ಳೆ ಬರುತ್ತದೆ, ಅಮೃತಶಿಲೆಗೂ ಬರುತ್ತದೆ. ಕೆಂಪು ಬಣ್ಣ ಹಾಕಿದ ಬಿದಿರು ಹವಳಕ್ಕೂ ಬರುತ್ತದೆ. ನನಗೆ ಅನುಮಾನ ಈ ಕೊನೆಯದರ ಮೇಲೆ.

(ಕಾಕಾ ಗದಗಿನಲ್ಲಿ ಸರಾಫರ ಅಂಗಡಿಯಲ್ಲಿ ಮೂವತ್ತು ವರ್ಷ ಮುತ್ತು, ಹವಳ ಪೋಣಿಸಿದವರು. ನಮ್ಮಲ್ಲಿ ಯಾರೂ ಅವರೊಡನೆ ವಾದಿಸುವುದಿಲ್ಲ, ವಿನಾಯಕನ ಹೊರತು.)

ವಿನಾಯಕ: ಬಿದಿರು ಹವಳವೂ ಹವಳವೇ ಅಲ್ಲವೇ ಕಾಕಾ? ಸಮುದ್ರದಲ್ಲೇ ಬೆಳೆಯುತ್ತದೆ. ನಾನು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವನು. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್.

ಗುರುಪಾದ ಕಾಕಾ: ಜೀವಿಯ ಜಾತಿ ಬೇರೆ ತಮ್ಮಾ. ಬೆಲೆಬಾಳುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ಕೆಂಪು ಅದರ ಹುಟ್ಟುಬಣ್ಣ. ಬಿದಿರು ಹವಳ ಮಾಸಲು ಬಿಳಿ. ನಡುನಡುವೆ ಕಪ್ಪು ಗಂಟುಗಳಿರುವುದರಿಂದ ಆ ಹೆಸರು. ಗಂಟು ಬಿಟ್ಟು ಕತ್ತರಿಸಿ, ಬಣ್ಣದಲ್ಲಿ ನೆನೆಸಿ ಮಾರುತ್ತಾರೆ. ಬಣ್ಣ ಹಾಕಿದ್ದೇವೆ ಎಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ.

ವಿನಾಯಕ: ಹಾಗಾದರೆ ತೂಕ ಹಾಕೋಣ. ನಾನು ವೈನಿಯ ಮನೆಗೇ ಹೊರಟೆ. ಪ್ರಯೋಗಾಲಯದ ತಕ್ಕಡಿ ತರುತ್ತೇನೆ, ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುತ್ತದೆ.

ಒಂದು ಗಂಟೆಯ ನಂತರ ಅವನ ಫೋಟೊಗಳು ಬಂದವು. ಸರ ಬಿಚ್ಚಿ, ಹನ್ನೆರಡು ಮಣಿಗಳನ್ನು ತೆಳ್ಳನೆಯ ದಾರಕ್ಕೆ ಪೋಣಿಸಿದ್ದ. ತಕ್ಕಡಿಯ ಮೇಲೆ ನೀರಿನ ಲೋಟ.

ವಿನಾಯಕ: ಒಣ ತೂಕ 8.22 ಗ್ರಾಂ. ನೀರಿನ ಲೋಟವಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಮಣಿಗಳನ್ನು ತಳಕ್ಕೂ ಅಂಚಿಗೂ ತಾಗದಂತೆ ನೀರಿನೊಳಗೆ ತೂಗಾಡಿಸಿದೆ. 3.10 ತೋರಿಸಿತು. ಅದು ಮಣಿಗಳು ಸರಿಸಿದ ನೀರಿನ ತೂಕ. ಭಾಗಿಸಿದರೆ 2.65. ಕೆಂಪು ಹವಳದ ಸಾಂದ್ರತೆ 2.6ರಿಂದ 2.7. ಗೆದ್ದೆ!

ಗುರುಪಾದ ಕಾಕಾ: ತೂತುಗಳಲ್ಲಿ ಗಾಳಿಗುಳ್ಳೆ ಉಳಿದಿರಲಿಲ್ಲ ತಾನೇ?

ವಿನಾಯಕ: ಮೊದಲ ಸಲ ಉಳಿದಿತ್ತು, 2.5 ಬಂತು. ಅಲುಗಾಡಿಸಿ ಮತ್ತೆ ತೂಗಿದೆ.

ಗುರುಪಾದ ಕಾಕಾ: ಶುದ್ಧವಾಗಿ ಮಾಡಿದ್ದೀಯ. ಆದರೆ ಬಿದಿರು ಹವಳದ ಲೆಕ್ಕವೂ ಅಲ್ಲೇ ಬಂದು ನಿಲ್ಲುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಒಂದೂವರೆಯೊಳಗೇ ಇರುತ್ತಿತ್ತು. ನಿನ್ನ ತಕ್ಕಡಿ ಪ್ಲಾಸ್ಟಿಕ್ಕನ್ನು ಹೊರಗೆ ಹಾಕಿತು, ಅಷ್ಟೇ. ಈಗ ಭೂತಕನ್ನಡಿ ತೆಗೆದುಕೊಂಡು ತೂತಿನ ಬಾಯಿ ನೋಡು. ಪಕ್ಕದಲ್ಲಿ ಅವ್ವನ ಹಳೆಯ ತಾಳಿಯ ಎರಡು ಹವಳ ಇಟ್ಟುಕೋ. ಶೋಭಾಳ ಕಪಾಟಿನಲ್ಲಿವೆ.

ಮೂರು ಫೋಟೊಗಳು ಬಂದವು. ಹೊಸ ಮಣಿಯ ತೂತಿನ ಸುತ್ತ ಕಡುಗೆಂಪು ಉಂಗುರ, ಕುಂಕುಮ ಅಂಟಿ ಒಣಗಿದಂತೆ. ಮೈಮೇಲೆ ಬರಿಗಣ್ಣಿಗೂ ಕಾಣುವಷ್ಟು ಅಗಲದ ಗೆರೆಗಳು, ಗೆರೆಯ ತಗ್ಗಿನಲ್ಲಿ ಬಣ್ಣ ಗಾಢ, ದಿಬ್ಬದಲ್ಲಿ ತಿಳಿ. ಅಜ್ಜಿಯ ಮಣಿ ಒಂದು ಬದಿ ಸ್ವಲ್ಪ ಪೇಲವ, ಅಲ್ಲಲ್ಲಿ ಸೂಜಿ ಚುಚ್ಚಿದಂಥ ಗುಳಿ. ಆದರೆ ತೂತಿನ ಒಳಗೂ ಹೊರಗೂ ಒಂದೇ ಕೆಂಪು.

ಗುರುಪಾದ ಕಾಕಾ: ಅವ್ವನ ಮಣಿಯ ಗೆರೆ ಕಂಡಿತೇ?

ವಿನಾಯಕ: ಕನ್ನಡಿಯನ್ನು ವಾರೆ ಹಿಡಿದಾಗ ಕಂಡಿತು. ತುಂಬಾ ಸಣ್ಣ, ಒತ್ತೊತ್ತಾಗಿವೆ. ಅಳತೆಪಟ್ಟಿ ಇಟ್ಟೆ. ಒಂದು ಮಿಲಿಮೀಟರಿನೊಳಗೆ ಎರಡು ಮೂರು ಗೆರೆ. ಹೊಸದರಲ್ಲಿ ಸುಮಾರು ಒಂದು ಮಿಲಿಮೀಟರಿಗೆ ಒಂದು.

ಗುರುಪಾದ ಕಾಕಾ: ಕೆಂಪು ಹವಳದ ಗೆರೆಗಳ ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅಂತರ ಇರುವುದಿಲ್ಲ. ಇಷ್ಟು ಅಗಲ ಗೆರೆ ಬಿದಿರು ಹವಳದ್ದು. ಶೋಭಾ, ಈಗಾಗಲೇ ಮಂಕಾದ ಆ ಮಣಿಯ ಮೇಲೇ ಇನ್ನೊಂದು ನೋಡಿಬಿಡು. ಉಗುರುಬಣ್ಣ ತೆಗೆಯುವ ದ್ರಾವಣ ಇದೆಯೇ? ಬಾಟಲಿಯ ಮೇಲೆ ಅಸಿಟೋನ್ ಎಂದಿರಬೇಕು. ಹತ್ತಿಗೆ ಒಂದು ಹನಿ ಹಾಕಿ ತೂತಿನ ಬಳಿ ಒರೆಸು. ಅವ್ವನ ಮಣಿಗೆ ಮಾತ್ರ ಮುಟ್ಟಿಸಬೇಡ.

ಶೋಭಾ ವೈನಿ: ಹತ್ತಿ ಗುಲಾಬಿಯಾಯಿತು.

ಎರಡು ನಿಮಿಷ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಪಾಪ, ವೈನಿಯ ಮುಖ ಕಣ್ಣಮುಂದೆ ಬಂತು.

ಮಹೇಶ ಅಣ್ಣ: ಹತ್ತಿ ಬೆಳ್ಳಗೇ ಉಳಿದಿದ್ದರೆ ಅಸಲಿ ಎನ್ನಬಹುದಿತ್ತೇ?

ಗುರುಪಾದ ಕಾಕಾ: ಇಲ್ಲ. ಬಣ್ಣದ ಮೇಲೆ ಅಂಟು ಬಳಿದು ಮುಚ್ಚುವವರಿದ್ದಾರೆ, ಆಗ ಹತ್ತಿಗೆ ಏನೂ ಬರುವುದಿಲ್ಲ. ಬಣ್ಣ ಬಂದರೆ ಮಾತು ಮುಗಿಯಿತು, ಬರದಿದ್ದರೆ ಮುಗಿಯಲಿಲ್ಲ. ದೊಡ್ಡ ಮೊತ್ತದ ಮಾಲಾದರೆ ರತ್ನಪರೀಕ್ಷೆಯ ಪ್ರಯೋಗಾಲಯಕ್ಕೇ ಕೊಡಬೇಕು. ಅಲ್ಲಿ ಬೆಳಕು ಹಾಯಿಸಿ ಹುಟ್ಟುಬಣ್ಣವೋ ಹಾಕಿದ ಬಣ್ಣವೋ ಹೇಳುತ್ತಾರೆ.

ಗಿರಿಜಾ ಅತ್ತೆ: ನನ್ನ ಅಂಬರ್ ಸರವನ್ನೂ ಜೇಡ್ ಬಳೆಯನ್ನೂ ಇದೇ ನೀರಿನಲ್ಲಿ ತೂಗಬಹುದೇ?

ಗುರುಪಾದ ಕಾಕಾ: ಬಳೆಯನ್ನು ತೂಗಬಹುದು ಅಕ್ಕಾ, ಜೊತೆಗೆ ಲೋಹ ಇರಬಾರದು. ಜೇಡ್ ಆದರೆ ಮೂರರ ಹತ್ತಿರ ಅಥವಾ ಮೂರೂಕಾಲು ದಾಟಿ ಬರಬೇಕು. 2.65 ಬಂದರೆ ಅದು ಹಸಿರು ಬೆಣಚುಕಲ್ಲು. ಅಂಬರಿಗೆ ತಕ್ಕಡಿ ಬೇಡ. ಒಂದು ಲೋಟ ನೀರಿಗೆ, ತಳದಲ್ಲಿ ಕರಗದೆ ಉಳಿಯುವವರೆಗೆ ಉಪ್ಪು ಹಾಕಿ ಕಲಸಿ ಬಿಡಿ ಮಣಿ ಬಿಡು. ಅಂಬರ್ ತೇಲುತ್ತದೆ, ಗಾಜು ಮತ್ತು ಬೇಕಲೈಟ್ ಮುಳುಗುತ್ತವೆ. ತೇಲುವ ಪ್ಲಾಸ್ಟಿಕ್ಕೂ ಉಂಟು, ಎಳೆಯ ರಾಳವೂ ತೇಲುತ್ತದೆ. ಅದನ್ನು ಇನ್ನೊಂದು ದಿನ ನೋಡೋಣ.

ಮಹೇಶ ಅಣ್ಣ: ಮಾರಿದವರಿಗೆ ಫೋನ್ ಮಾಡಿದೆ. ‘ಹವಳ ಎಂದೆವು, ಹವಳವನ್ನೇ ಕೊಟ್ಟೆವು’ ಎನ್ನುತ್ತಾರೆ. ಬಿಲ್ಲಿನಲ್ಲಿರುವುದೂ ‘ಹವಳದ ಸರ, 1’ ಎಂದಷ್ಟೇ.

ಗುರುಪಾದ ಕಾಕಾ: ‘ನೈಸರ್ಗಿಕ ಕೆಂಪು ಹವಳ, ಬಣ್ಣ ಹಾಕಿಲ್ಲ’ ಎಂದು ಬರೆಸಿಕೊಂಡಿದ್ದರೆ ಇವತ್ತು ಹಿಡಿದು ಕೇಳಬಹುದಿತ್ತು.

ಶೋಭಾ ವೈನಿ: ಪಲ್ಲವಿಗೆ ಈ ಸರ ಹಿಡಿಸಿದೆ, ಅವಳು ಹಾಕಿಕೊಳ್ಳಲಿ. ತಾಳಿಗೆ ಅಜ್ಜಿಯ ಎರಡು ಮಣಿಯೇ ಇರಲಿ. ಆದರೆ ಸರ ಬಿಚ್ಚಿದ ವಿನಾಯಕ ಮಣಿಗಳನ್ನು ತಟ್ಟೆಯಲ್ಲಿ ಬಿಟ್ಟು ಊಟಕ್ಕೆ ಕುಳಿತಿದ್ದಾನೆ.

ಗುರುಪಾದ ಕಾಕಾ: ಅವನ ಕೈಗೆ ಕೊಡಬೇಡ, ಗಂಟು ಹಾಕಲು ಬರುವುದಿಲ್ಲ. ಮಂಗಳವಾರ ನಾನೇ ಬರುತ್ತೇನೆ, ರೇಷ್ಮೆ ದಾರ ತರುತ್ತೇನೆ.